ನೀವು ಹೇಳದ ವಿಳಾಸ

ಮೈಸೂರಿನ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿ. ಮನೆ ಅಡುಗೆ, ಬಾಗಿಲ ಮುಂದಿನ ರಂಗೋಲಿ, ಮಗಳ ಟಿಫಿನ್ ಡಬ್ಬಿ, ತಾರಸಿಯ ಕೈತೋಟ, ಇಷ್ಟೇ ಅವರ ಚಾನೆಲ್. ವಾರಕ್ಕೆ ಮೂರ್ನಾಲ್ಕು ವಿಡಿಯೊ, ದಿನವೂ ಒಂದೆರಡು ಸ್ಟೋರಿ. ಹೆಣ್ಣುಮಗಳು ಎಚ್ಚರಿಕೆಯವರೇ. ಮನೆ ನಂಬರು, ರಸ್ತೆ, ಬಡಾವಣೆ ಯಾವುದನ್ನೂ ಒಂದು ಸಲವೂ ಹೇಳಿದವರಲ್ಲ. ‘ಅಕ್ಕಾ, ನಿಮ್ಮ ಮನೆ ಎಲ್ಲಿ?’ ಎಂದು ಯಾರಾದರೂ ಕೇಳಿದರೆ ‘ಮೈಸೂರೇ ಕಣ್ರೀ’ ಎಂದು ನಗುವ ಚಿಹ್ನೆ ಹಾಕಿ ಸುಮ್ಮನಾಗುತ್ತಾರೆ. ಅವರನ್ನು ಕಂಡೇ ಇರದ ಒಬ್ಬ ಅಪರಿಚಿತ ಒಂದು ಭಾನುವಾರ ಕೂತು ಅವರ ಎರಡು ತಿಂಗಳ ಪೋಸ್ಟುಗಳನ್ನೆಲ್ಲ ನೋಡಿದ ಎನ್ನೋಣ. ಅವನಿಗೆ ಏನೇನು ತಿಳಿದೀತು?

ಡಿಸೆಂಬರ್‌ನ ಒಂದು ಬೆಳಿಗ್ಗೆ ತಾರಸಿಯಲ್ಲಿ ಕಾಫಿ ಕುಡಿಯುತ್ತ ತೆಗೆದ ವಿಡಿಯೊ ಇದೆ. ಚಾಮುಂಡಿ ಬೆಟ್ಟದ ನೆತ್ತಿಯ ಹಿಂದಿನಿಂದ ಸೂರ್ಯ ಏಳುತ್ತಿದ್ದಾನೆ, ತುಂಬ ಚೆಂದದ ದೃಶ್ಯ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದಿಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಹಾಗಿದ್ದರೆ ಈ ತಾರಸಿ ಬೆಟ್ಟಕ್ಕೆ ಪಶ್ಚಿಮದಲ್ಲಿ, ತುಸು ಉತ್ತರಕ್ಕೆ ಇರಬೇಕು. ನಕ್ಷೆಯ ಮೇಲೆ ಬೆಟ್ಟದಿಂದ ಆ ದಿಕ್ಕಿಗೆ ಗೆರೆ ಎಳೆದರೆ ಅದು ಕುವೆಂಪುನಗರ, ಸರಸ್ವತಿಪುರಂ ಆಸುಪಾಸಿನಲ್ಲಿ ಹಾಯುತ್ತದೆ. ಇಡೀ ಮೈಸೂರು ಒಂದೇ ಕಾಫಿ ಲೋಟದಲ್ಲಿ ನಾಲ್ಕೈದು ಬಡಾವಣೆಗೆ ಇಳಿಯಿತು.

ಇನ್ನೊಂದು ವಿಡಿಯೊದಲ್ಲಿ ಅಡುಗೆಮನೆಯ ಕಿಟಕಿಯಾಚೆ ಒಂದು ಓವರ್‌ಹೆಡ್ ಟ್ಯಾಂಕ್, ಅದರ ಪಕ್ಕಕ್ಕೆ ದೇವಸ್ಥಾನದ ಗೋಪುರದ ತುದಿ. ಉಪಗ್ರಹ ನಕ್ಷೆಯಲ್ಲಿ ಟ್ಯಾಂಕೂ ಗೋಪುರವೂ ಹತ್ತಿರ ಹತ್ತಿರ ಇರುವ ಜಾಗಗಳನ್ನು ಹುಡುಕುವುದು ಅರ್ಧ ಗಂಟೆಯ ಕೆಲಸ. ಮೂರನೆಯದರಲ್ಲಿ ರಂಗೋಲಿಯ ಜೊತೆಗೆ ಗೇಟಿನ ಬಣ್ಣ, ಎದುರು ಮನೆಯ ಕಾಂಪೌಂಡು, ಮೂಲೆಯ ಟ್ರಾನ್ಸ್‌ಫಾರ್ಮರ್. ಮಗಳ ಹುಟ್ಟುಹಬ್ಬದ ಬ್ಯಾನರಿನಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರು, ಇನಿಶಿಯಲ್ ಸಮೇತ. ಮತದಾರರ ಪಟ್ಟಿ ನಮ್ಮಲ್ಲಿ ಸಾರ್ವಜನಿಕ ದಾಖಲೆ. ಮತಗಟ್ಟೆಯ ಭಾಗಕ್ಕೊಂದರಂತೆ ಅದು ಜಾಲತಾಣದಲ್ಲೇ ಸಿಗುತ್ತದೆ, ಅದರಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರು ಎಲ್ಲವೂ ಇರುತ್ತದೆ. ರಾಜ್ಯದ ಕೋಟ್ಯಂತರ ಹೆಸರುಗಳಲ್ಲಿ ಹುಡುಕುವುದು ಕಷ್ಟ. ನಾಲ್ಕು ಬೀದಿಗಳಲ್ಲಿ ಹುಡುಕುವುದು ಕಷ್ಟವಲ್ಲ.

ವಿಳಾಸ ಹೀಗಾಯಿತು. ದಿನಚರಿಗೆ ಇಷ್ಟೂ ಶ್ರಮ ಬೇಕಿಲ್ಲ, ಅದನ್ನು ಅವರೇ ‘ನನ್ನ ಬೆಳಗಿನ ದಿನಚರಿ’ ಎಂಬ ಶೀರ್ಷಿಕೆ ಕೊಟ್ಟು ಹಾಕಿದ್ದಾರೆ. ಆರಕ್ಕೆ ರಂಗೋಲಿ, ಎಂಟೂ ಕಾಲಿಗೆ ಸ್ಕೂಲ್ ವ್ಯಾನ್, ಒಂಬತ್ತಕ್ಕೆ ಯಜಮಾನರು ಆಫೀಸಿಗೆ. ಆಮೇಲೆ ಕ್ಯಾಮೆರಾದ ಕಡೆ ತಿರುಗಿ ಹೇಳುವ ಮಾತು: ‘ಇನ್ನು ನಾಲ್ಕು ಗಂಟೆವರೆಗೂ ನಾನೊಬ್ಬಳೇ ನೋಡಿ.’

ಈ ಇಡೀ ಕಥೆಯಲ್ಲಿ ಗುಟ್ಟು ಬಿಟ್ಟುಕೊಟ್ಟ ಒಂದು ಪೋಸ್ಟನ್ನು ಬೆರಳಿಟ್ಟು ತೋರಿಸಲಾಗದು. ಕಾಫಿಯ ವಿಡಿಯೊ ಒಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಬ್ಯಾನರಿನ ಫೋಟೊ ಒಂದೇ ಇದ್ದಿದ್ದರೂ ಅಷ್ಟೇ. ತೊಂದರೆಯಾಗುವುದು ಎಲ್ಲಿ, ಯಾವಾಗ, ಯಾರು ಎಂಬ ಮೂರೂ ಒಂದೇ ಖಾತೆಯಲ್ಲಿ ಕೂಡಿಕೊಂಡಾಗ. ಆದ್ದರಿಂದ ದಿನವೂ ಪೋಸ್ಟ್ ಹಾಕುವವರು ಎಲ್ಲವನ್ನೂ ಮುಚ್ಚಿಡಬೇಕಾಗಿಲ್ಲ, ಹಾಗೆ ಮಾಡಿದರೆ ಹಾಕಲು ಏನೂ ಉಳಿಯುವುದೂ ಇಲ್ಲ. ಈ ಮೂರು ಒಂದಕ್ಕೊಂದು ಕೂಡದಂತೆ ನೋಡಿಕೊಂಡರೆ ಸಾಕು. ಮುಖ ತೋರಿಸುತ್ತೀರಾದರೆ ಜಾಗ ತೋರಿಸಬೇಡಿ, ಜಾಗ ತೋರಿಸುತ್ತೀರಾದರೆ ಅಲ್ಲಿ ನೀವಿರುವ ಹೊತ್ತು ತಿಳಿಸಬೇಡಿ.

ಕಾಫಿ ಲೋಟದಿಂದ ಬಡಾವಣೆ ಹುಡುಕುವುದು ಅತಿಯಾಯಿತು ಎನ್ನಿಸಿದರೆ, 2019ರಲ್ಲಿ ಜಪಾನಿನಲ್ಲಿ ನಡೆದದ್ದನ್ನು ನೋಡಿ. ಅಲ್ಲಿನ ಒಬ್ಬ ಯುವ ಗಾಯಕಿಯ ಮೇಲೆ ಟೋಕಿಯೊದಲ್ಲಿ ಅವಳ ಮನೆಯ ಬಳಿಯೇ ಹಲ್ಲೆಯಾಯಿತು. ಸಿಕ್ಕಿಬಿದ್ದವನು ಅವಳ ಅಭಿಮಾನಿ. ಅವಳು ಹಾಕಿದ್ದ ಸೆಲ್ಫಿಯನ್ನು ಹಿಗ್ಗಿಸಿ, ಕಣ್ಣಿನ ಪಾಪೆಯಲ್ಲಿ ಪ್ರತಿಫಲಿಸಿದ್ದ ರೈಲು ನಿಲ್ದಾಣವನ್ನು ಗೂಗಲ್ ಸ್ಟ್ರೀಟ್ ವ್ಯೂನ ಚಿತ್ರಗಳೊಂದಿಗೆ ಹೋಲಿಸಿ ನೋಡಿದ್ದ. ನಿಲ್ದಾಣ ತಿಳಿದ ಮೇಲೆ ಅಲ್ಲಿ ಕಾದಿದ್ದು ಹಿಂಬಾಲಿಸಿದ. ಅವಳು ಮನೆಯಲ್ಲಿ ತೆಗೆದ ವಿಡಿಯೊಗಳಲ್ಲಿ ಪರದೆ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನೂ ಗಮನಿಸಿದ್ದ ಎಂದು ವರದಿಯಾಗಿತ್ತು. ಅವನೇನೂ ಪತ್ತೇದಾರಿ ಕಲಿತವನಲ್ಲ. ಹಠವಿತ್ತು, ಸಮಯವಿತ್ತು, ಫೋನುಗಳ ಕ್ಯಾಮೆರಾ ಅಷ್ಟು ಸ್ಪಷ್ಟವಾಗಿತ್ತು.

ಸ್ಟ್ರೀಟ್ ವ್ಯೂ ಈಗ ನಮ್ಮಲ್ಲೂ ಇದೆ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಚಿತ್ರೀಕರಣವನ್ನು ಪೊಲೀಸರು ನಿಲ್ಲಿಸಿದ್ದರು. 2022ರಲ್ಲಿ ಬೆಂಗಳೂರು ಸೇರಿ ಹತ್ತು ಊರುಗಳೊಂದಿಗೆ ಅದು ಮತ್ತೆ ಬಂತು, ಆಮೇಲೆ ಹರಡಿತು. ನಿಮ್ಮ ಮನೆ ಅದರಲ್ಲಿ ಕಾಣುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಕಂಡರೆ, ಆ ಚಿತ್ರದಲ್ಲೇ ಇರುವ ‘ರಿಪೋರ್ಟ್ ಎ ಪ್ರಾಬ್ಲಮ್’ ಒತ್ತಿ ಮನೆಯನ್ನು ಮಸುಕು ಮಾಡುವಂತೆ ಕೇಳಬಹುದು. ಒಮ್ಮೆ ಮಸುಕು ಮಾಡಿದರೆ ಮತ್ತೆ ತೆಗೆಯುವುದಿಲ್ಲ, ಆದ್ದರಿಂದ ಬಾಡಿಗೆ ಮನೆಯವರು ಮಾಲೀಕರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಹಾಗಾದರೆ ಮನೆಯೊಳಗೆ ಚಿತ್ರೀಕರಣ ಮಾಡುವುದು ಹೇಗೆ? ಒಂದು ಗೋಡೆಯನ್ನು ಆರಿಸಿಕೊಳ್ಳುವುದೇ ಸುಲಭದ ದಾರಿ. ಕಿಟಕಿ ಇಲ್ಲದ, ಕ್ಯಾಲೆಂಡರ್ ಇಲ್ಲದ ಒಂದು ಗೋಡೆ. ನಮ್ಮ ಮನೆಗಳ ಕ್ಯಾಲೆಂಡರ್ ಸಾಮಾನ್ಯವಾಗಿ ಬೀದಿಯ ಕೊನೆಯ ಕಿರಾಣಿ ಅಂಗಡಿಯದೋ ಹತ್ತಿರದ ಸಹಕಾರ ಬ್ಯಾಂಕಿನದೋ ಆಗಿರುತ್ತದೆ, ಕೆಳಗೆ ದಪ್ಪ ಅಕ್ಷರದಲ್ಲಿ ಅವರ ವಿಳಾಸವೂ ಇರುತ್ತದೆ. ಅಡುಗೆಮನೆಯಲ್ಲಿ ಕಿಟಕಿ ತಪ್ಪಿಸಲಾಗದಿದ್ದರೆ ತೆಳುವಾದ ಬಿಳಿ ಪರದೆ ಬಿಟ್ಟರೆ ಬೆಳಕು ಬರುತ್ತದೆ, ಗೋಪುರ ಬರುವುದಿಲ್ಲ. ರಂಗೋಲಿಯನ್ನು ನೇರ ಮೇಲಿನಿಂದ ತೆಗೆದರೆ ರಂಗೋಲಿಯೂ ಚೆನ್ನಾಗಿ ಕಾಣುತ್ತದೆ, ಗೇಟು ಚೌಕಟ್ಟಿನಿಂದ ಹೊರಗುಳಿಯುತ್ತದೆ. ಹೊಳೆಯುವ ಸ್ಟೀಲ್ ಡಬ್ಬಿ, ಕನ್ನಡಿ, ಆಫ್ ಆಗಿರುವ ಟಿವಿ ಪರದೆ, ಇವುಗಳಲ್ಲಿ ಎದುರುಗಡೆ ಇರುವುದೆಲ್ಲ ಮೂಡಿರುತ್ತದೆ.

ಸದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಸ್ಸಿನ ಕಂಡಕ್ಟರ್ ಕೂಗುವ ನಿಲ್ದಾಣದ ಹೆಸರು, ದೇವಸ್ಥಾನದ ಮೈಕಿನಲ್ಲಿ ಹೇಳುವ ಸೇವಾಕರ್ತರ ವಿವರ, ‘ಇಂಥ ಬಡಾವಣೆಯ ಸಾರ್ವಜನಿಕರಲ್ಲಿ ವಿನಂತಿ’ ಎಂದು ಸಾರಿಕೊಂಡು ಹೋಗುವ ಆಟೊ, ಎಲ್ಲವೂ ನಿಮ್ಮ ವಿಡಿಯೊದ ಹಿನ್ನೆಲೆಯಲ್ಲಿ ಅಡಗಿರುತ್ತವೆ. ಹಾಕುವ ಮುನ್ನ ಒಮ್ಮೆ ಕಣ್ಣು ಮುಚ್ಚಿ ಹೆಡ್‌ಫೋನಿನಲ್ಲಿ ಕೇಳಿ. ಸಂಶಯ ಬಂದ ಕಡೆ ಮೂಲ ಧ್ವನಿ ತೆಗೆದು, ಆಮೇಲೆ ಬೇರೆಯಾಗಿ ಮಾತು ಸೇರಿಸಿ.

ಫೋಟೊದ ಒಳಗೆ ಅಡಗಿರುವ ಮಾಹಿತಿಯ ಬಗ್ಗೆ ಭಯವೂ ಹೆಚ್ಚು, ತಪ್ಪು ತಿಳಿವಳಿಕೆಯೂ ಹೆಚ್ಚು. ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಪ್ರತಿ ಚಿತ್ರದ ಕಡತದಲ್ಲೂ ಅಕ್ಷಾಂಶ, ರೇಖಾಂಶ ದಾಖಲಾಗುತ್ತವೆ. ದಶಮಾಂಶದ ನಾಲ್ಕನೇ ಸ್ಥಾನ ಎಂದರೆ ನೆಲದ ಮೇಲೆ ಸುಮಾರು 11 ಮೀಟರ್, ಒಂದು ಮನೆಯಷ್ಟು. 2012ರ ಡಿಸೆಂಬರ್‌ನಲ್ಲಿ ಪೊಲೀಸರ ಕಣ್ಣುತಪ್ಪಿಸಿಕೊಂಡಿದ್ದ ಜಾನ್ ಮ್ಯಾಕಫೀಯ ಫೋಟೊವನ್ನು ‘ವೈಸ್’ ಪತ್ರಿಕೆ ತನ್ನ ಜಾಲತಾಣದಲ್ಲಿ ಹಾಕಿದಾಗ, ಆ ಚಿತ್ರದ ಕಡತದಲ್ಲಿದ್ದ ಅಂಕಿಗಳೇ ಅವನು ಗ್ವಾಟೆಮಾಲಾದಲ್ಲಿ ಇದ್ದಾನೆಂದು ಜಗತ್ತಿಗೆ ಹೇಳಿಬಿಟ್ಟವು. ಆದರೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಈ ಅಂಕಿಗಳನ್ನು ನೋಡುಗರಿಗೆ ಕೊಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೂ ಅವು ಅಳಿಸಿಹೋಗುತ್ತವೆ. ಅದೇ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ, ಡ್ರೈವ್‌ನಲ್ಲಿ ಮೂಲ ಕಡತ ಹಂಚಿದರೆ, ಇಮೇಲಿಗೆ ಲಗತ್ತಿಸಿದರೆ ಹಾಗೆಯೇ ಉಳಿಯುತ್ತವೆ. ಜಾಹೀರಾತು ಕೊಡುವ ಕಂಪನಿಯವರು ‘ಮೇಡಂ, ಕ್ವಾಲಿಟಿ ಹಾಳಾಗದ ಹಾಗೆ ಒರಿಜಿನಲ್ ಕಳಿಸಿ’ ಎಂದು ಕೇಳುವುದು ಇದನ್ನೇ. ಗ್ಯಾಲರಿಯಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ ಕೆಳಗೆ ಸಣ್ಣ ನಕ್ಷೆ ಕಾಣಿಸಿದರೆ ಅಂಕಿಗಳಿವೆ ಎಂದರ್ಥ. ಕ್ಯಾಮೆರಾ ಆ್ಯಪ್‌ನ ಲೊಕೇಶನ್ ಅನುಮತಿ ತೆಗೆದುಹಾಕಿದರೆ ಮುಂದಿನವಕ್ಕೆ ಈ ಚಿಂತೆ ಇಲ್ಲ.

ನಿಜ ಹೇಳಬೇಕೆಂದರೆ, ಕಡತದೊಳಗಿನ ಅಂಕಿಗಳಿಗಿಂತ ಡಬ್ಬದ ಮೇಲಿನ ಚೀಟಿ ಅಪಾಯ. ಕೊರಿಯರ್ ಪೊಟ್ಟಣ ಬಿಚ್ಚುವ ವಿಡಿಯೊಗಳಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಒಂದೇ ಕಡೆ ಅಚ್ಚಾಗಿರುತ್ತವೆ. ಅದನ್ನು ಮಸುಕು ಮಾಡಿದರೆ ಸಾಲದು, ಮೇಲೆ ಗಟ್ಟಿ ಕಪ್ಪು ಪಟ್ಟಿ ಎಳೆಯಬೇಕು. ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿದದ್ದು ಅರೆಪಾರದರ್ಶಕವಾಗಿರುತ್ತದೆ, ಚಿತ್ರದ ಬೆಳಕು ಏರಿಸಿದರೆ ಅಕ್ಷರ ಮತ್ತೆ ಮೇಲೆದ್ದು ಬರುತ್ತದೆ. ಟ್ರ್ಯಾಕಿಂಗ್ ನಂಬರು, ಬಾರ್‌ಕೋಡು ಕೂಡ ಮುಚ್ಚಬೇಕು. ಎಲ್ಲಕ್ಕಿಂತ ಒಳ್ಳೆಯದು ಚೀಟಿ ಹರಿದು ತೆಗೆದ ಮೇಲೆಯೇ ಕ್ಯಾಮೆರಾ ಆನ್ ಮಾಡುವುದು.

ಮನೆಯಿಂದಲೇ ಉಪ್ಪಿನಕಾಯಿ, ಸೀರೆ, ಸಾಂಬಾರುಪುಡಿ ಮಾರುವವರಿಗೆ ಇನ್ನೊಂದು ತೊಡಕಿದೆ. ಖಾತೆಯ ಪರಿಚಯದಲ್ಲಿ ನಂಬಿಕೆ ಬರಲೆಂದು ಜಿಎಸ್‌ಟಿ ನಂಬರ್ ಹಾಕಿರುತ್ತಾರೆ. ಜಿಎಸ್‌ಟಿ ಜಾಲತಾಣದಲ್ಲಿ ಆ ನಂಬರ್ ಒತ್ತಿದರೆ ವ್ಯವಹಾರದ ಮುಖ್ಯ ಸ್ಥಳ ಎಂದು ನೋಂದಾಯಿಸಿದ ವಿಳಾಸ ಯಾರಿಗಾದರೂ ಕಾಣುತ್ತದೆ. ನೋಂದಣಿ ಮನೆಯ ವಿಳಾಸದಲ್ಲಿದ್ದರೆ ಕಾಣುವುದು ಮನೆಯೇ. ಆಹಾರ ಪದಾರ್ಥದ ಪೊಟ್ಟಣದ ಮೇಲೆ ತಯಾರಕರ ವಿಳಾಸ ಹಾಕಲೇಬೇಕು, ಅದನ್ನು ತಪ್ಪಿಸುವಂತಿಲ್ಲ. ಇಂಥವರು ಒಂದು ಸಣ್ಣ ಅಂಗಡಿಯನ್ನೋ ಹಂಚಿಕೊಂಡು ಬಳಸುವ ಆಫೀಸಿನ ಮೇಜನ್ನೋ ಹಿಡಿದು ನೋಂದಣಿಯನ್ನೇ ಅಲ್ಲಿಗೆ ಬದಲಿಸುವುದು ಖರ್ಚಿನ ದಾರಿ, ಆದರೆ ಅದೊಂದೇ ಪಕ್ಕಾ ದಾರಿ. ಅಭಿಮಾನಿಗಳ ಪತ್ರಕ್ಕಾದರೆ ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಸಿಗುತ್ತದೆ, ಖಾಸಗಿ ಕೊರಿಯರಿನವರು ಮಾತ್ರ ಅಲ್ಲಿಗೆ ಪೊಟ್ಟಣ ಹಾಕುವುದಿಲ್ಲ.

ಈಗ ತಡವಾಗಿ ಹಾಕುವ ವಿಚಾರ. ‘ಲೊಕೇಶನ್ ಹಾಕುವುದಾದರೆ ಸ್ವಲ್ಪ ತಡ ಮಾಡಿ ಹಾಕಿ’ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ, ಎಷ್ಟು ತಡ ಎಂದು ಯಾರೂ ಹೇಳುವುದಿಲ್ಲ. ಅದು ಗಂಟೆಯ ಲೆಕ್ಕವಾಗಿರದೆ ಜಾಗದ ಲೆಕ್ಕವಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಊರೊಳಗಿನ ಹೋಟೆಲಿಗೋ ಪ್ರದರ್ಶನಕ್ಕೋ ಹೋದರೆ, ಅಲ್ಲಿಂದ ಹೊರಟು ಬೇರೆಡೆ ಸೇರಿದ ಮೇಲೆ ಹಾಕಿದರೆ ಸಾಕು. ಊರು ಬಿಟ್ಟು ಹೋದರೆ, ಮನೆಗೆ ಮರಳಿ ಬೀಗ ತೆಗೆದ ಮೇಲೆಯೇ ಹಾಕಬೇಕು. ಹಂಪಿಯಿಂದ ಬಾದಾಮಿಗೆ ಹೊರಟ ಮೇಲೆ ಹಂಪಿಯ ಫೋಟೊ ಹಾಕಿದರೆ ಹಂಪಿಯಲ್ಲಿ ಯಾರೂ ನಿಮ್ಮನ್ನು ಹುಡುಕಿ ಬರಲಾರರು ನಿಜ, ಆದರೆ ಮೈಸೂರಿನ ಮನೆ ಖಾಲಿ ಇದೆ ಎಂಬ ಸುದ್ದಿ ಹೋಗಿಯೇ ಹೋಯಿತು. ಇನ್ನು ಮತ್ತೆ ಮತ್ತೆ ಹೋಗುವ ಜಾಗಗಳು: ಮಗಳ ಸಂಗೀತದ ಕ್ಲಾಸು, ಜಿಮ್ಮು, ಪ್ರತಿ ಶನಿವಾರದ ಆಂಜನೇಯನ ಗುಡಿ. ಇವನ್ನು ಎಷ್ಟು ತಡ ಮಾಡಿ ಹಾಕಿದರೂ ಪ್ರಯೋಜನವಿಲ್ಲ. ಹೋದ ಶನಿವಾರದ ಫೋಟೊ ಮುಂದಿನ ಶನಿವಾರ ನೀವೆಲ್ಲಿರುತ್ತೀರಿ ಎಂದು ಹೇಳುತ್ತದೆ. ಇಂಥ ಜಾಗಗಳಿಗೆ ಟ್ಯಾಗ್ ಹಾಕುವುದನ್ನೇ ಬಿಡಬೇಕು.

ನಮ್ಮ ಮೈಸೂರಿನ ಗೃಹಿಣಿ ಮನೆಮಂದಿಯೊಂದಿಗೆ ಐದು ದಿನ ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಹೋಗುತ್ತಾರೆ ಎನ್ನೋಣ. ದಿನವೂ ಏನಾದರೂ ಹಾಕುವ ಖಾತೆ ಐದು ದಿನ ಸದ್ದಿಲ್ಲದೆ ಕೂತರೆ ಆ ಮೌನವೇ ಊರಲ್ಲಿಲ್ಲ ಎಂಬುದರ ಸುಳಿವು. ಹಾಗಾಗಿ ಹೊರಡುವ ಮೊದಲಿನ ವಾರ ಮೂರು ಅಡುಗೆ ವಿಡಿಯೊ ಹೆಚ್ಚಿಗೆ ಮಾಡಿಟ್ಟುಕೊಳ್ಳಬೇಕು. ಯೂಟ್ಯೂಬ್‌ನಲ್ಲಿ ‘ಶೆಡ್ಯೂಲ್’ ಎಂದು ದಿನ, ಹೊತ್ತು ಕೊಟ್ಟಿಟ್ಟರೆ ತಾನಾಗಿ ಪ್ರಕಟವಾಗುತ್ತದೆ. ಇನ್‌ಸ್ಟಾಗ್ರಾಂನಲ್ಲೂ ಪ್ರೊಫೆಷನಲ್ ಖಾತೆಯವರಿಗೆ ಈ ಸೌಲಭ್ಯವಿದೆ. ಯಾವಾಗಲೂ ಹಾಕುವ ಹೊತ್ತಿಗೇ ಅವು ಹೋಗಲಿ.

ಪ್ರವಾಸದ ಐದೂ ದಿನ ಲೈವ್ ಬೇಡ, ಸ್ಟೋರಿ ಬೇಡ. ಲೈವ್ ಎಂಬುದಕ್ಕೆ ತಡ ಮಾಡುವ ಉಪಾಯವೇ ಇಲ್ಲ. ಚಿತ್ರಗಳನ್ನೆಲ್ಲ ಫೋನಿನ ಗ್ಯಾಲರಿಯಲ್ಲಿ ಸುಮ್ಮನೆ ತುಂಬಿಸಿಕೊಳ್ಳಲಿ. ಆದರೂ ಗುಟ್ಟು ಹೊರಬೀಳುವ ಮೂರು ಕಂಡಿಗಳಿವೆ, ಮೂರೂ ಅವರ ಕೈಯಲ್ಲಿಲ್ಲದವು. ಒಂದು, ವಿರೂಪಾಕ್ಷ ದೇವಸ್ಥಾನದ ಮುಂದೆ ಗುರುತು ಹಿಡಿದು ಸೆಲ್ಫಿ ತೆಗೆಸಿಕೊಂಡ ಅಭಿಮಾನಿ ಆ ಸಂಜೆಯೇ ಅದನ್ನು ಹಾಕಿ ಇವರನ್ನು ಟ್ಯಾಗ್ ಮಾಡುವುದು. ಟ್ಯಾಗ್‌ಗಳನ್ನು ತಾವು ಒಪ್ಪಿದ ಮೇಲೆಯೇ ಕಾಣುವಂತೆ ಮೊದಲೇ ಬದಲಿಸಿಟ್ಟಿದ್ದರೆ ಅದು ಇವರ ಪುಟದಲ್ಲಿ ಮೂಡುವುದಿಲ್ಲ. ‘ದಯವಿಟ್ಟು ಮುಂದಿನ ವಾರ ಹಾಕಿ’ ಎಂದು ಕೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ಎರಡು, ಹಳೆಯ ಅಡುಗೆ ವಿಡಿಯೊದ ಕೆಳಗೆ ಬಂದು ಬೀಳುವ ‘ಅಕ್ಕಾ, ಇವತ್ತು ಹಂಪೀಲಿ ನಿಮ್ಮನ್ನ ನೋಡ್ದೆ!’ ಎಂಬ ಕಮೆಂಟು. ಯೂಟ್ಯೂಬ್ ಸ್ಟುಡಿಯೊದಲ್ಲಿ ನಿರ್ಬಂಧಿಸಿದ ಪದಗಳ ಪಟ್ಟಿ ಇದೆ, ಇನ್‌ಸ್ಟಾಗ್ರಾಂನಲ್ಲಿ ‘ಹಿಡನ್ ವರ್ಡ್ಸ್’ ಎಂಬುದಿದೆ. ಹೊರಡುವ ಹಿಂದಿನ ರಾತ್ರಿ ಅಲ್ಲಿ ಹಂಪಿ, ಹೊಸಪೇಟೆ, ಬಾದಾಮಿ ಎಂದು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿಟ್ಟರೆ ಅಂಥ ಕಮೆಂಟುಗಳು ತಡೆದು ನಿಲ್ಲುತ್ತವೆ. ಮೂರು, ಯಜಮಾನರ ವಾಟ್ಸ್‌ಆ್ಯಪ್ ಸ್ಟೇಟಸ್. ಅದನ್ನು ಇವರ ಫೋನಿನಿಂದ ತಡೆಯುವ ಸೆಟ್ಟಿಂಗ್ಸ್ ಇಲ್ಲ, ಮಾತಾಡಿಯೇ ಬಗೆಹರಿಸಿಕೊಳ್ಳಬೇಕು.

ಮರಳಿ ಬಂದ ಮೇಲೆ ಮೂರು ವಾರಗಳ ಉದ್ದಕ್ಕೂ ಪ್ರವಾಸವನ್ನು ಹಂಚಿ ಹಾಕಬಹುದು. ಟ್ಯಾಗ್ ಹಾಕುವಾಗ ಹಂಪಿ ಎಂದಿದ್ದರೆ ಸಾಲದೇ? ಉಳಿದುಕೊಂಡ ಹೋಮ್‌ಸ್ಟೇಯ ಹೆಸರು ಬೇಡ, ಮತ್ತೆ ಹೋದಾಗಲೂ ಅಲ್ಲಿಯೇ ಇಳಿಯುತ್ತೀರಿ. ನೋಡುಗರಿಗೆ ಸುಳ್ಳು ಹೇಳಬೇಕಾಗಿಯೂ ಇಲ್ಲ. ‘ಹೋದ ತಿಂಗಳು ಹಂಪಿಗೆ ಹೋಗಿದ್ವಿ’ ಎಂದು ಶುರು ಮಾಡಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ‘ಪ್ರತಿ ವರ್ಷ ದಸರಾ ರಜೆಗೆ ತಪ್ಪದೆ ಎಲ್ಲರೂ ಊರಿಗೆ ಹೋಗ್ತೀವಿ’ ಎಂಬ ವಾಕ್ಯ ಬಾಯಿತಪ್ಪಿ ಬಂದರೆ, ಇಷ್ಟೆಲ್ಲ ತಡ ಮಾಡಿದ್ದು ಮುಂದಿನ ವರ್ಷದ ದಸರಾಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ತಡ ಮಾಡುವುದಕ್ಕೆ ಇನ್ನೊಂದು ಮಿತಿಯೂ ಇದೆ. 2016ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಕಿಮ್ ಕರ್ದಾಶಿಯನ್ ತಂಗಿದ್ದಲ್ಲಿಗೆ ನುಗ್ಗಿ ಒಡವೆ ದೋಚಿದ ಪ್ರಕರಣವನ್ನು ಎಲ್ಲರೂ ಲೊಕೇಶನ್ ಕಥೆಯಾಗಿ ಹೇಳುತ್ತಾರೆ. ಅವಳು ಪ್ಯಾರಿಸ್ಸಿನಲ್ಲಿದ್ದದ್ದು ಫ್ಯಾಷನ್ ಸಪ್ತಾಹಕ್ಕೆ, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವಳ ಪೋಸ್ಟುಗಳು ಅದರ ಜೊತೆಗೆ ಕೈಯಲ್ಲಿನ ಭಾರಿ ವಜ್ರದ ಉಂಗುರವನ್ನೂ ತೋರಿಸಿದ್ದವು. ನಮ್ಮಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ದೇವಿಗೆ ಹಾಕಿದ ಒಡವೆ, ಕಟ್ಟಿದ ನೋಟಿನ ಮಾಲೆ ಸಮೇತ ಫೋಟೊ ಹಾಕುತ್ತೇವಲ್ಲ, ಅದನ್ನು ಒಂದು ವಾರ ತಡ ಮಾಡಿ ಹಾಕಿದರೂ ಒಡವೆ ಮನೆಯಲ್ಲಿದೆ ಎಂಬ ವಿಷಯ ಹಳೆಯದಾಗುವುದಿಲ್ಲ.

ವಾಕಿಂಗ್, ಸೈಕ್ಲಿಂಗ್ ನಕ್ಷೆ ಹಾಕುವವರು ಒಂದು ಸಣ್ಣ ರೇಖಾಗಣಿತ ತಿಳಿದಿರಬೇಕು. ಸ್ಟ್ರಾವಾದಂಥ ಆ್ಯಪ್‌ಗಳಲ್ಲಿ ಮನೆಯ ಸುತ್ತ ಇಷ್ಟು ಮೀಟರ್ ದಾರಿಯನ್ನು ಮರೆಮಾಡು ಎಂದು ಹೇಳುವ ಸೌಲಭ್ಯವಿದೆ. ನಕ್ಷೆಯಲ್ಲಿ ನಿಮ್ಮ ದಾರಿ ಮನೆಯಿಂದ ಶುರುವಾಗದೆ, ಆ ವೃತ್ತದ ಅಂಚಿನಿಂದ ಶುರುವಾಗುತ್ತದೆ. ಸೋಮವಾರ ಉತ್ತರಕ್ಕೆ ಹೋದಿರಿ, ಬುಧವಾರ ಪೂರ್ವಕ್ಕೆ, ಶುಕ್ರವಾರ ದಕ್ಷಿಣಕ್ಕೆ. ಮೂರು ದಾರಿಗಳೂ ತುಂಡಾದ ಮೂರು ಬಿಂದುಗಳು ಒಂದೇ ವೃತ್ತದ ಮೇಲಿವೆ. ಮೂರು ಬಿಂದು ಕೊಟ್ಟರೆ ವೃತ್ತ ಎಳೆಯುವುದನ್ನು ಹೈಸ್ಕೂಲಿನಲ್ಲೇ ಕಲಿತಿದ್ದೇವೆ, ಅದರ ಕೇಂದ್ರದ ಆಸುಪಾಸಿನಲ್ಲೇ ಮನೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇದನ್ನೇ ತೋರಿಸಿಕೊಟ್ಟರು. ಕುಕ್ಕರಹಳ್ಳಿ ಕೆರೆಯವರೆಗೆ ಸುಮ್ಮನೆ ನಡೆದು ಹೋಗಿ, ಕೆರೆಯ ಏರಿಯ ಮೇಲೆ ಆ್ಯಪ್ ಚಾಲೂ ಮಾಡಿ ಅಲ್ಲಿಯೇ ನಿಲ್ಲಿಸಿದರೆ ವೃತ್ತದ ಗೊಡವೆಯೇ ಇಲ್ಲ. ಆದರೆ ದಿನಾ ಆರು ಗಂಟೆಗೆ ಅದೇ ಏರಿಯ ಮೇಲೆ ನಡೆಯುತ್ತೀರಿ ಎಂಬುದು ನಕ್ಷೆಯಲ್ಲಿ ಉಳಿಯುತ್ತದೆ. ದೂರವನ್ನೂ ತೆಗೆದುಕೊಂಡ ಹೊತ್ತನ್ನೂ ಹಂಚಿಕೊಳ್ಳಿ, ನಕ್ಷೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಮನೆಮಂದಿಯ ವಿಚಾರಕ್ಕೆ ಬಂದರೆ, ಮಕ್ಕಳ ಫೋಟೊ ಹಾಕಲೇಬಾರದು ಎನ್ನುವವರಿದ್ದಾರೆ. ಅದು ಆಯಾ ಮನೆಯವರು ತೀರ್ಮಾನಿಸಬೇಕಾದ ಮಾತು. ಹಾಕುವವರು ಮುಖಕ್ಕಿಂತ ಹೆಚ್ಚಾಗಿ ಮುಖದ ಕೆಳಗಿರುವುದನ್ನು ನೋಡಿಕೊಳ್ಳಬೇಕು: ಸಮವಸ್ತ್ರದ ಮೇಲಿನ ಲಾಂಛನ, ಕೊರಳಿನ ಗುರುತಿನ ಚೀಟಿ, ವ್ಯಾನಿನ ನಂಬರು. ಜೂನ್ ಬಂತೆಂದರೆ ಶಾಲೆಯ ಗೇಟಿನ ಮುಂದೆ ನಿಲ್ಲಿಸಿ ‘ಮೊದಲ ದಿನ, ಒಂದನೇ ಕ್ಲಾಸ್’ ಎಂದು ಹಾಕುವ ಚಿತ್ರದಲ್ಲಿ ಶಾಲೆ, ತರಗತಿ, ಮಗುವಿನ ಹೆಸರು ಮೂರೂ ಸೇರಿರುತ್ತವೆ. ಗೇಟಿನ ಬಳಿ ಬಂದು ‘ಪಾಪು, ನಿಮ್ಮ ಅಮ್ಮ ಕಳಿಸಿದ್ದಾರೆ’ ಎನ್ನಲು ಯಾರಿಗಾದರೂ ಅಷ್ಟು ಸಾಕು. ಹುಟ್ಟುಹಬ್ಬದ ಫೋಟೊವನ್ನು ಹದಿನೈದು ದಿನ ಬಿಟ್ಟು ಹಾಕಿದರೆ, ಕೇಕಿನ ಮೇಲಿನ ವಯಸ್ಸಿನ ಅಂಕಿ ಮರೆಮಾಡಿದರೆ ಜನ್ಮದಿನಾಂಕವೂ ಹೊರಗೆ ಹೋಗುವುದಿಲ್ಲ.

ದೊಡ್ಡವರ ವಿವರ ಹೊರಬೀಳುವುದು ಆಮಂತ್ರಣ ಪತ್ರಿಕೆಗಳಿಂದ. ಮದುವೆಯ ಕರೆಯೋಲೆಯಲ್ಲಿ ಮೂರು ತಲೆಮಾರಿನ ಹೆಸರು, ಊರು, ಫೋನ್ ನಂಬರ್, ‘ಸುಖಾಗಮನ ಬಯಸುವವರು’ ಎಂದು ಇಡೀ ಬಳಗ. ಅದರ ಜೊತೆಗೆ ಮನೆಯವರೆಲ್ಲ ಯಾವ ದಿನ, ಯಾವ ಮುಹೂರ್ತಕ್ಕೆ, ಯಾವ ಛತ್ರದಲ್ಲಿರುತ್ತಾರೆ ಎಂಬ ಮಾಹಿತಿ. ಗೃಹಪ್ರವೇಶದ ಪತ್ರಿಕೆಯಲ್ಲಂತೂ ಹೊಸ ಮನೆಯ ವಿಳಾಸವೂ, ನಕ್ಷೆಗೆ ಕರೆದೊಯ್ಯುವ ಕ್ಯೂಆರ್ ಕೋಡೂ ಇರುತ್ತವೆ. ಕರೆಯಬೇಕಾದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬೊಬ್ಬರಿಗೇ ಕಳಿಸಿ, ಸಾರ್ವಜನಿಕ ಖಾತೆಯಲ್ಲಿ ಹಾಕಬೇಡಿ. ಅತ್ತೆ ಮಾವ, ಅಣ್ಣ ತಮ್ಮಂದಿರು ಹಾಕುವುದನ್ನು ನಿಲ್ಲಿಸುವುದು ಕಷ್ಟ. ‘ನಮ್ಮನ್ನ ಟ್ಯಾಗ್ ಮಾಡಬೇಡಿ’ ಎಂದಷ್ಟೇ ಕೇಳಿಕೊಂಡರೆ ಮನಸ್ತಾಪವೂ ಆಗುವುದಿಲ್ಲ.

ಕಾನೂನು ಎಷ್ಟರ ಮಟ್ಟಿಗೆ ನೆರವಿಗೆ ಬರುತ್ತದೆ? ಹಿಂಬಾಲಿಸಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಪುರುಷನೊಬ್ಬ ಹೆಣ್ಣನ್ನು ಬೇಡವೆಂದರೂ ಬಿಡದೆ ಹಿಂಬಾಲಿಸಿದರೆ, ಸಂಪರ್ಕಿಸಿದರೆ, ಅಂತರಜಾಲದಲ್ಲಿ ಅವಳ ಚಟುವಟಿಕೆಗಳ ಮೇಲೆ ಕಣ್ಣಿಟ್ಟರೆ ಮೊದಲ ಸಲಕ್ಕೆ 3 ವರ್ಷದವರೆಗೆ ಸೆರೆ, ಮತ್ತೆ ಮಾಡಿದರೆ 5 ವರ್ಷದವರೆಗೆ. ಯಾರಾದರೂ ನಿಮ್ಮ ಬೀದಿಯ ಹೆಸರು ಬರೆದು ಸಂದೇಶ ಕಳಿಸಿದರೆ ಅಳಿಸಬೇಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು cybercrime.gov.in ನಲ್ಲಿ ಅಥವಾ ಠಾಣೆಯಲ್ಲಿ ದೂರು ಕೊಡಿ. ಮನೆಯ ಮುಂದೆಯೇ ಬಂದು ನಿಂತಿದ್ದರೆ 112ಕ್ಕೆ ಕರೆ ಮಾಡಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ ಎಂದು ಅದರ 3ನೇ ಕಲಮು ಹೇಳುತ್ತದೆ, ಸಾಮಾಜಿಕ ಮಾಧ್ಯಮದಲ್ಲಿ ತನ್ನ ವಿವರ ಹಾಕಿದವರ ಉದಾಹರಣೆಯನ್ನೇ ಕೊಡುತ್ತದೆ.

ನಿಮ್ಮ ಖಾತೆ ಎಷ್ಟು ಹೇಳುತ್ತಿದೆ ಎಂದು ನಿಮಗೇ ತಿಳಿಯುವುದು ಕಷ್ಟ, ಏಕೆಂದರೆ ನಿಮಗೆ ಉತ್ತರ ಗೊತ್ತಿದೆ. ನಂಬಿಕಸ್ಥರಾದ, ಆದರೆ ನಿಮ್ಮ ಮನೆಗೆ ಎಂದೂ ಬಂದಿರದ ಒಬ್ಬ ಸ್ನೇಹಿತರಿಗೆ ಖಾತೆ ತೋರಿಸಿ ಒಂದು ಗಂಟೆ ಕೊಡಿ. ಮಗಳ ಶಾಲೆ ಯಾವುದು, ಮನೆ ಯಾವ ಬಡಾವಣೆ, ಮಂಗಳವಾರ ಹನ್ನೊಂದು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿ. ಅವರು ಸರಿಯಾಗಿ ಹೇಳಿದ ಪ್ರತಿಯೊಂದಕ್ಕೂ ಯಾವ ಪೋಸ್ಟಿನಿಂದ ತಿಳಿಯಿತು ಎಂದು ಕೇಳಿ ಬರೆದುಕೊಳ್ಳಿ. ಎಲ್ಲವನ್ನೂ ಅಳಿಸಬೇಕಾಗಿಲ್ಲ. ಇನ್‌ಸ್ಟಾಗ್ರಾಂನಲ್ಲಿ ‘ಆರ್ಕೈವ್’ ಮಾಡಿದರೆ ಪೋಸ್ಟ್ ನಿಮಗೆ ಮಾತ್ರ ಕಾಣುತ್ತದೆ. ಫೇಸ್‌ಬುಕ್‌ನಲ್ಲಿ ಹಳೆಯ ಸಾರ್ವಜನಿಕ ಪೋಸ್ಟುಗಳನ್ನೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗಷ್ಟೇ ಸೀಮಿತಗೊಳಿಸುವ ಗುಂಡಿ ಇದೆ. ಈಗಾಗಲೇ ಯಾರೋ ಇಳಿಸಿಕೊಂಡಿದ್ದರೆ ಅದನ್ನು ಹಿಂತೆಗೆದುಕೊಳ್ಳಲಾಗದು, ಆದರೆ ನಾಳೆ ಹುಡುಕಲು ಬರುವವನಿಗೆ ಸಿಗುವುದಿಲ್ಲ.

ಇಂದು ಒಂದೇ ಒಂದನ್ನು ತೆಗೆಯಲು ಪುರುಸೊತ್ತಿದ್ದರೆ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನು ಹುಡುಕಿ ತೆಗೆಯಿರಿ.